ಬಾಡಿಗೆ ಏರಿಕೆ ನೋಟಿಸ್‌ಗೆ ಎರಡನೇ ಮಹಡಿಯ ಮನೆಯಿಂದ ಉತ್ತರ

ಹೊಂಗಸಂದ್ರ, ಬೆಂಗಳೂರು
6 ನವೆಂಬರ್ 2025, ಗುರುವಾರ

ರಂಗಸ್ವಾಮಿ ಅಂಕಲ್ ಅವರಿಗೆ,

ಎರಡನೇ ಮಹಡಿಯ ಮುಂದಿನ ಮನೆಯ ಸುಜಾತಾ ಮಾಡುವ ನಮಸ್ಕಾರಗಳು. ನೀವೂ ಆಂಟಿಯೂ ಚೆನ್ನಾಗಿದ್ದೀರೆಂದು ಭಾವಿಸುತ್ತೇನೆ.

ನವೆಂಬರ್ 1ರಂದು ನೀವು ಮೆಟ್ಟಿಲ ಹತ್ತಿರ ಅಂಟಿಸಿದ ನೋಟಿಸನ್ನು ನಾನು ಕಣ್ಣಾರೆ ನೋಡಲಿಲ್ಲ. ಅಮ್ಮನ ಕಣ್ಣಿನ ಆಪರೇಷನ್ ಇದ್ದದ್ದರಿಂದ ಅರಸೀಕೆರೆಯಲ್ಲಿದ್ದೆ. ಪಕ್ಕದ ಮನೆಯ ಹುಡುಗ ಅದರ ಫೋಟೊ ತೆಗೆದು ಬಿಲ್ಡಿಂಗ್ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಬಸ್ಸಿನಲ್ಲಿ ಕೂತು ಓದಿದೆ. ಮಂಗಳವಾರ ಬಂದು ನೋಡಿದರೆ ಗೋಡೆಯ ಮೇಲೆ ಸೆಲ್ಲೋಟೇಪ್ ಮಾತ್ರ ಉಳಿದಿತ್ತು, ಕಾಗದ ಮಳೆಗೆ ಹೋಗಿತ್ತು. ಹಾಗಾಗಿ ಈ ಪತ್ರ ಆ ಫೋಟೊ ನೋಡಿಕೊಂಡೇ ಬರೆದದ್ದು. ಫೋಟೊದ ಪ್ರಿಂಟನ್ನೂ ಜೊತೆಗಿಟ್ಟಿದ್ದೇನೆ. ನಾನು ಎಲ್ಲಾದರೂ ತಪ್ಪಾಗಿ ಓದಿಕೊಂಡಿದ್ದರೆ ತಿದ್ದಿ.

ಫೋಟೊದಲ್ಲಿ ನನಗೆ ಓದಲು ಸಿಕ್ಕಿದ್ದು ಇಷ್ಟು. ಡಿಸೆಂಬರ್ 1ರಿಂದ ಎರಡು ಬೆಡ್‌ರೂಮಿನ ಮನೆಗಳ ಬಾಡಿಗೆ 19,000 ರೂಪಾಯಿ. ನೀರಿಗೆ ಈಗಿನ 300ರ ಬದಲು 800. ಅಡ್ವಾನ್ಸ್ ಹೊಸ ಬಾಡಿಗೆಯ ಹತ್ತು ತಿಂಗಳಿನಷ್ಟು ಇರಬೇಕು, ವ್ಯತ್ಯಾಸದ ಹಣ ಕಟ್ಟಬೇಕು. ಇನ್ನು ಮೇಲೆ ಬಾಡಿಗೆ ಕ್ಯಾಶ್‌ನಲ್ಲಿ ಮಾತ್ರ. ಒಪ್ಪದವರು 15 ದಿನದೊಳಗೆ ಮನೆ ಖಾಲಿ ಮಾಡಬೇಕು. ವ್ಯತ್ಯಾಸದ ಹಣ ಎಷ್ಟೆಂದು ಬರೆದ ಜಾಗದಲ್ಲಿ ಟೇಪಿನ ಹೊಳಪು ಬಿದ್ದು ಮೊದಲ ಅಂಕಿ ಕಾಣುವುದಿಲ್ಲ. ಆದರೆ 19,000ದ ಹತ್ತು ಪಟ್ಟು 1,90,000. ನಾವು 2021ರಲ್ಲೇ ಕೊಟ್ಟಿರುವುದು 1,30,000. ಅಲ್ಲಿಗೆ ಅದು 60,000 ಇರಬೇಕು, ಅಲ್ವಾ?

ಮೊದಲು ಬಾಡಿಗೆಯ ಮಾತು.

ನಾವು ಈ ಮನೆಗೆ ಬಂದದ್ದು 2021ರ ಸೆಪ್ಟೆಂಬರ್ 1ಕ್ಕೆ, 13,000 ಬಾಡಿಗೆಗೆ. ಆಮೇಲೆ ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟ್ ಹೊಸದು ಮಾಡಿಸಿದ್ದೇವೆ. ಪ್ರತಿ ಸಲವೂ ನೂರಕ್ಕೆ ಐದರಂತೆ ಏರಿಸಿದ್ದೀರಿ. 13,650 ಆಯಿತು, 14,300 ಆಯಿತು, 15,000 ಆಯಿತು. ಈ ಮೇ 1ರಿಂದ 15,750 ಕೊಡುತ್ತಿದ್ದೇವೆ. ಒಂದು ಸಲವೂ ಚೌಕಾಸಿ ಮಾಡಿಲ್ಲ, ಒಂದು ತಿಂಗಳೂ 5ನೇ ತಾರೀಖು ದಾಟಿಸಿಲ್ಲ. ಈಗಿನ ಅಗ್ರಿಮೆಂಟ್ 2026ರ ಮಾರ್ಚ್ 31ರವರೆಗೆ ಇದೆ. ಅದರ ನಾಲ್ಕನೇ ಕಲಮಿನಲ್ಲಿ ಬಾಡಿಗೆ 15,750 ಎಂದಿದೆ. ಏಳನೇ ಕಲಮಿನಲ್ಲಿ, ಅವಧಿ ಮುಗಿದ ಮೇಲೆ ಇಬ್ಬರೂ ಒಪ್ಪಿದರೆ ನೂರಕ್ಕೆ ಐದು ಏರಿಸಿ ಮುಂದುವರಿಸಬಹುದು ಎಂದಿದೆ. ಮಧ್ಯದಲ್ಲಿ ಏರಿಸುವ ಮಾತು ಎಲ್ಲೂ ಇಲ್ಲ. ಕೆಳಗೆ ನಿಮ್ಮ ಸಹಿ ಇದೆ, ನಮ್ಮವರ ಸಹಿ ಇದೆ, ಆಂಟಿಯೇ ಸಾಕ್ಷಿ ಹಾಕಿದ್ದಾರೆ.

15,750ರಿಂದ 19,000ಕ್ಕೆ ಅಂದರೆ 3,250 ಜಾಸ್ತಿ. ನೂರಕ್ಕೆ ಇಪ್ಪತ್ತು ದಾಟುತ್ತದೆ. ನಾಲ್ಕು ವರ್ಷದಲ್ಲಿ ನಾಲ್ಕು ಸಲ ಏರಿಸಿದರೂ ಒಟ್ಟು ಏರಿದ್ದು 2,750. ಈಗ ಒಂದೇ ಏಟಿಗೆ ಅದಕ್ಕಿಂತ ಹೆಚ್ಚು ಕೇಳುತ್ತಿದ್ದೀರಿ, ಅದೂ ಅವಧಿ ಮುಗಿಯಲು ನಾಲ್ಕು ತಿಂಗಳು ಇರುವಾಗಲೇ.

ನಾನು ಕಾನೂನು ಹಿಡಿದು ಜಗಳಕ್ಕೆ ಬರುತ್ತಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ಕೆಲವರು ಗ್ರೂಪಿನಲ್ಲಿ ಎತ್ತಿದ್ದರು. ಅದು ಬೆಂಗಳೂರಿನಲ್ಲಿ ತಿಂಗಳಿಗೆ 3,500 ದಾಟದ ಬಾಡಿಗೆಗೆ ಮಾತ್ರ. ಈ ಊರಲ್ಲಿ ಅಷ್ಟಕ್ಕೆ ಈಗ ಗಾಡಿ ನಿಲ್ಲಿಸುವ ಶೆಡ್ ಸಿಕ್ಕರೆ ಹೆಚ್ಚು. ಆದ್ದರಿಂದ ನಿಮಗೂ ನಮಗೂ ಇರುವುದು ಈ ಅಗ್ರಿಮೆಂಟ್ ಒಂದೇ. ನಾವು ಮಧ್ಯದಲ್ಲಿ ಬಂದು "ಬಾಡಿಗೆ ಇಳಿಸಿ" ಅಂದರೆ ನೀವು ಇದೇ ಕಾಗದ ತೋರಿಸುತ್ತಿದ್ದಿರಿ. ನಾನೂ ಅದನ್ನೇ ತೋರಿಸುತ್ತಿದ್ದೇನೆ.

15 ದಿನದ ಮಾತೂ ಹಾಗೆಯೇ. ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ 15 ದಿನದ ನೋಟಿಸ್ ಇರುವುದು ನಿಜ. ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಗೆ, ಬೇರೆ ಕರಾರು ಇಲ್ಲದಿದ್ದಾಗ. ನಮ್ಮ ಕರಾರಿನಲ್ಲಿ ಯಾರೇ ಬಿಡುವುದಿದ್ದರೂ, ಬಿಡಿಸುವುದಿದ್ದರೂ ಎರಡು ತಿಂಗಳು ಮೊದಲು ಬರೆದು ತಿಳಿಸಬೇಕು ಎಂದಿದೆ. ಅದೆಲ್ಲ ಬಿಡಿ ಅಂಕಲ್, ಮಗ ಈ ಸಲ ಎಸ್ಸೆಸ್ಸೆಲ್ಸಿ. ಮಾರ್ಚ್‌ನಲ್ಲಿ ಪರೀಕ್ಷೆ. ಅವನಿಗೆ ಗಣಿತದ ಪ್ರಮೇಯ ಹೇಳಿಕೊಟ್ಟವರೇ ನೀವು. ಹದಿನೈದು ದಿನದಲ್ಲಿ ಪುಸ್ತಕ ಗಂಟು ಕಟ್ಟಿಕೊಂಡು ಎಲ್ಲಿಗೆ ಹೋಗಲಿ?

ನೋಟಿಸಿನಲ್ಲಿ ನಾಲ್ಕು ಕಾರಣ ಬರೆದಿದ್ದೀರಿ. ಅವನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ.

ಮೆಟ್ರೊ ಬಂತು ಎಂದಿದ್ದೀರಿ. ಹೌದು, ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಯಿತು, ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರದವರೆಗೆ. ನಮಗೂ ಖುಷಿಯೇ. ಆದರೆ ಹೊಂಗಸಂದ್ರ ಸ್ಟೇಷನ್ ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ, ಹೊಸೂರು ರಸ್ತೆ ದಾಟುವುದು ಬೇರೆ. ಶುರುವಿನಲ್ಲಿ ಇಪ್ಪತ್ತೈದು ನಿಮಿಷಕ್ಕೊಂದು ರೈಲು ಬಿಡುತ್ತಿದ್ದರು. ಒಂದು ತಪ್ಪಿದರೆ ಪ್ಲಾಟ್‌ಫಾರಂನಲ್ಲಿ ಅರ್ಧ ಪುಸ್ತಕ ಓದಬಹುದಿತ್ತು. ಫೆಬ್ರವರಿಯಲ್ಲೇ ಮೆಟ್ರೊ ದರವೂ ಏರಿತ್ತು. ಅತಿ ಹೆಚ್ಚಿನ ಟಿಕೆಟ್ 60 ಇದ್ದದ್ದು 90 ಆಯಿತು. ನಮ್ಮವರು ಇವತ್ತಿಗೂ ಕಂಪನಿ ಬಸ್ಸಿನಲ್ಲೇ ಹೋಗುತ್ತಾರೆ. ನಾನು ತಿಂಗಳಿಗೆ ಎರಡು ಸಲ ಜಯನಗರಕ್ಕೆ ಹೋಗುತ್ತೇನೆ, ಅಷ್ಟೇ. ಏರಿಯಾಕ್ಕೆ ಬೆಲೆ ಬಂದಿದೆ ಎನ್ನುವುದನ್ನು ಒಪ್ಪುತ್ತೇನೆ. ಆದರೂ ಎದುರು ಸಾಲಿನಲ್ಲಿ ಲಿಫ್ಟ್ ಇರುವ ಬಿಲ್ಡಿಂಗಿನ ಮುಂದೆ ಟು ಲೆಟ್ ಬೋರ್ಡ್ ಇದೆ. ಎರಡು ಬೆಡ್‌ರೂಮಿಗೆ 17,500 ಹೇಳಿದರು. ಮೊನ್ನೆ ಹೋಗಿ ಕೇಳಿಕೊಂಡು ಬಂದೆ, ಮುಚ್ಚಿಡುವುದೇನಿದೆ.

ಕಾವೇರಿ ನೀರಿನ ದರ ಏರಿದ್ದೂ ನಿಜ. 2014ರ ನಂತರ ಈ ಏಪ್ರಿಲ್‌ನಲ್ಲಿ ಏರಿಸಿದರು. ಆದರೆ ಪ್ರತಿ ಮನೆಗೆ 500 ಜಾಸ್ತಿ ಆಗುವಷ್ಟು ಏರಿದೆಯೇ? ನಾಲ್ಕು ಬಾಡಿಗೆ ಮನೆಗೆ ತಲಾ 800 ಅಂದರೆ ತಿಂಗಳಿಗೆ 3,200. ಇದರಲ್ಲಿ ಕೆಳಗಿನ ನಿಮ್ಮ ಮನೆಯ ಪಾಲು ಸೇರಿಲ್ಲ. ಜಲಮಂಡಳಿ ಬಿಲ್ಲನ್ನು ಪ್ರತಿ ತಿಂಗಳು ಗ್ರೂಪಿಗೆ ಹಾಕಿ. ಮೋಟಾರಿನ ಕರೆಂಟೂ ಸೇರಿಸಿ. ಐದು ಮನೆಗೆ ಹಂಚಿ ಎಷ್ಟು ಬರುತ್ತದೋ ಅಷ್ಟು ಆ ತಿಂಗಳೇ ಕೊಡುತ್ತೇವೆ. ಅದು 800 ಆದರೂ ಸರಿ, ನನ್ನದು ತಕರಾರಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೂ ಇದೇ ಲೆಕ್ಕ.

ಕಸದ ಶುಲ್ಕವನ್ನು ಆಸ್ತಿ ತೆರಿಗೆಗೆ ಸೇರಿಸಿದ್ದಾರೆ ಎಂದಿದ್ದೀರಿ. ಸೇರಿಸಿದ್ದಾರೆ. ಆದರೆ ವಾಸದ ಕಟ್ಟಡಗಳಲ್ಲಿ ಅತಿ ದೊಡ್ಡದಕ್ಕೂ ಅದು ತಿಂಗಳಿಗೆ 400. ಐದು ಮನೆಗೆ ಹಂಚಿದರೆ ತಲಾ 80. ಬೇಕಾದರೆ ಅದನ್ನೂ ಕೊಡೋಣ.

ಇನ್ನು ಪೇಂಟ್. ಹೊರಗಿನ ಬಣ್ಣ ಚೆನ್ನಾಗಿ ಬಂದಿದೆ, ಸುಳ್ಳು ಹೇಳಬಾರದು. ದೂರದಿಂದಲೇ ನಮ್ಮ ಬಿಲ್ಡಿಂಗ್ ಗೊತ್ತಾಗುತ್ತದೆ. ಒಳಗೆ ಮಾತ್ರ 2021ರ ಸುಣ್ಣವೇ ಇದೆ. ಮಗ ಓದುವ ರೂಮಿನ ಪಡುವಣ ಗೋಡೆ ಎರಡು ಮಳೆಗಾಲದಿಂದ ನೆನೆಯುತ್ತಿದೆ. ಹೋದ ವರ್ಷ ನೀವೇ ಬಂದು ಕೈಯಿಟ್ಟು ನೋಡಿ "ಮಳೆ ನಿಲ್ಲಲಿ, ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸೋಣ" ಅಂದಿರಿ. ಮಳೆ ನಿಂತಿತು, ಮತ್ತೆ ಬಂತು, ಮತ್ತೆ ನಿಲ್ಲುತ್ತಿದೆ. ಗೋಡೆಗೆ ಒರಗಿಸಿದ್ದ ಬೀರುವಿನ ಹಿಂಬದಿ ಹಲಗೆ ಬೂಸ್ಟು ಹಿಡಿದು ಹೋಯಿತು. ಇದನ್ನು ದೂರು ಎಂದು ತಿಳಿಯಬೇಡಿ. ಬಾಡಿಗೆ ಏರಿಸಲು ಮನೆ ರಿಪೇರಿಯ ಕಾರಣ ಕೊಟ್ಟಿದ್ದೀರಲ್ಲ, ಅದಕ್ಕೆ ನೆನಪಿಸಿದೆ.

ಕ್ಯಾಶ್ ವಿಷಯಕ್ಕೆ ನಮಗೆ ಆಗುವುದಿಲ್ಲ. ನಮ್ಮವರು ಹಳೆ ತೆರಿಗೆ ಪದ್ಧತಿಯಲ್ಲಿ ಬಾಡಿಗೆ ಭತ್ಯೆಯ ರಿಯಾಯಿತಿ ಪಡೆಯುತ್ತಾರೆ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮನೆ ಮಾಲೀಕರ ಪಾನ್ ನಂಬರ್ ಕೊಡಬೇಕು. ನಮ್ಮದು ವರ್ಷಕ್ಕೆ 1,89,000 ಆಗುತ್ತದೆ. ಹೋದ ವರ್ಷ ನೀವೇ ಪಾನ್ ಕೊಟ್ಟಿದ್ದಿರಿ. ಈಗ ಇದ್ದಕ್ಕಿದ್ದಂತೆ ಕ್ಯಾಶ್ ಅಂದರೆ ಆಫೀಸಿನವರಿಗೆ ಏನು ತೋರಿಸುವುದು? ಎಂದಿನಂತೆ ಬ್ಯಾಂಕ್ ಖಾತೆಗೇ ಹಾಕುತ್ತೇವೆ.

ಅಡ್ವಾನ್ಸ್ ಜಾಸ್ತಿ ಮಾಡುವುದು ಬೇಡ ಅಂಕಲ್. 60,000 ಒಟ್ಟಿಗೆ ಹೊಂದಿಸುವುದು ನಮ್ಮ ಕೈಲಾಗದು, ಅದು ಒಂದು. ಇನ್ನೊಂದು ಮಾತು ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಮಹಡಿಯವರು ಬಿಟ್ಟು ಹೋದಾಗ ಅವರ ಅಡ್ವಾನ್ಸ್ ವಾಪಸ್ ಕೊಡಲು ನೀವು ಎರಡು ತಿಂಗಳು ಪಟ್ಟ ಪಾಡು ನಾನು ನೋಡಿದ್ದೇನೆ. ಹೊಸ ಬಾಡಿಗೆದಾರರು ಬಂದು ದುಡ್ಡು ಕೊಟ್ಟ ಮೇಲೆಯೇ ಅದು ಮುಗಿದದ್ದು. ದೊಡ್ಡ ಅಡ್ವಾನ್ಸ್ ನಾಳೆ ನಿಮ್ಮ ತಲೆಯ ಮೇಲಿನ ಸಾಲವೇ ಅಲ್ವಾ?

ನಮ್ಮ ಮನೆಯವರ ಜೊತೆ ಕೂತು ಮಾತಾಡಿ ಈ ತೀರ್ಮಾನಕ್ಕೆ ಬಂದಿದ್ದೇವೆ. ಮಾರ್ಚ್ 31ರವರೆಗೆ ಬಾಡಿಗೆ 15,750 ಇರಲಿ. ಏಪ್ರಿಲ್ 1ರಿಂದ ಹೊಸ ಅಗ್ರಿಮೆಂಟಿಗೆ 17,000 ಕೊಡುತ್ತೇವೆ. ಕರಾರಿನ ಪ್ರಕಾರ ನೂರಕ್ಕೆ ಐದು ಅಂದರೆ 16,540ರ ಹತ್ತಿರ ಬರುತ್ತದೆ. ನಾವಾಗಿಯೇ ನೂರಕ್ಕೆ ಎಂಟರ ಹತ್ತಿರ ಹೇಳುತ್ತಿದ್ದೇವೆ. ಅದಕ್ಕೆ ಬದಲಾಗಿ ನಮ್ಮದು ಒಂದೇ ಕೋರಿಕೆ. ಮಾರ್ಚ್ ಒಳಗೆ ತಾರಸಿಯ ಕೆಲಸ ಮಾಡಿಸಿ, ಆ ಗೋಡೆಗೆ ಬಣ್ಣ ಹಚ್ಚಿಸಿ. ನೀರಿಗೆ ಬಿಲ್ಲಿನ ಲೆಕ್ಕ. ಅಡ್ವಾನ್ಸ್ ಇದ್ದಷ್ಟೇ.

ಡಿಸೆಂಬರ್ ಬಾಡಿಗೆಯನ್ನು ಎಂದಿನಂತೆ 5ರೊಳಗೆ 15,750 ಹಾಕುತ್ತೇನೆ. ಅದನ್ನು ಪೂರ್ತಿ ಬಾಡಿಗೆ ಎಂದೇ ತೆಗೆದುಕೊಳ್ಳಿ, ಬಾಕಿ ಎಂದು ಬರೆದಿಡಬೇಡಿ. ಈ ವಿಷಯದಲ್ಲಿ ನಿಮ್ಮ ಉತ್ತರ ಏನೇ ಇದ್ದರೂ ಎರಡು ಸಾಲು ಬರೆದು ಕೊಟ್ಟರೆ ಒಳ್ಳೆಯದು. ಬಾಯಿಮಾತು ಇಬ್ಬರಿಗೂ ಮರೆತು ಹೋಗುತ್ತದೆ.

ಒಂದು ವಿಷಯ ಮಾತ್ರ ಮನಸ್ಸಿಗೆ ನೋವಾಯಿತು. ನಾಲ್ಕು ವರ್ಷದಿಂದ ನಿಮ್ಮ ಮನೆ ಬಾಗಿಲ ಮುಂದಿನಿಂದಲೇ ಹತ್ತಿ ಇಳಿಯುತ್ತಿದ್ದೇವೆ. ಆಂಟಿ ಹುಷಾರಿಲ್ಲದಾಗ ರಾತ್ರಿ ಆಟೊ ತಂದವರು ನಮ್ಮವರು. ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟು ಕಳಿಸಿದವರು ಆಂಟಿ. ಇಷ್ಟೆಲ್ಲ ಇದ್ದೂ "ಖಾಲಿ ಮಾಡಬೇಕು" ಎನ್ನುವ ಮಾತನ್ನು ಗೋಡೆ ನೋಡಿ, ಅದೂ ಯಾರೋ ಕಳಿಸಿದ ಫೋಟೊದಲ್ಲಿ ತಿಳಿಯಬೇಕಾಯಿತು. ಕರೆದು ಹೇಳಬಹುದಿತ್ತು. ಅದಕ್ಕೇ ನಾನು ಈ ಪತ್ರವನ್ನು ಗ್ರೂಪಿಗೆ ಹಾಕುತ್ತಿಲ್ಲ. ನಿಮ್ಮ ಕೈಗೇ ಕೊಡುತ್ತಿದ್ದೇನೆ.

ಭಾನುವಾರ, 9ನೇ ತಾರೀಖು ಸಂಜೆ ಐದಕ್ಕೆ ನಾವಿಬ್ಬರೂ ಕೆಳಗೆ ಬರುತ್ತೇವೆ. ಜಲಮಂಡಳಿಯ ಹೋದ ತಿಂಗಳ ಬಿಲ್ಲು ತೆಗೆದಿಟ್ಟಿರಿ. ಆಂಟಿಗೆ ಅರಸೀಕೆರೆಯಿಂದ ತಂದ ತೆಂಗಿನಕಾಯಿ ಇದೆ, ಆಗಲೇ ತರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,

ಸುಜಾತಾ, ಮಂಜುನಾಥ್
ಎರಡನೇ ಮಹಡಿ, ಮುಂದಿನ ಮನೆ

ಜೊತೆಗೆ: ನೋಟಿಸಿನ ಫೋಟೊ ಪ್ರಿಂಟ್, ಈಗಿನ ಅಗ್ರಿಮೆಂಟಿನ ಜೆರಾಕ್ಸ್, ಗೋಡೆಯ ಎರಡು ಫೋಟೊ.