ಜಯಣ್ಣನವರ ಬೀಳ್ಕೊಡುಗೆ: ಚಿತ್ರಪ್ರದರ್ಶನದ ನಿರೂಪಣೆ

ಡಿಪೊ ಆವರಣ, 30 ಜೂನ್ 2025, ಮಧ್ಯಾಹ್ನ 12.30
ನಿರೂಪಣೆ: ಸವಿತಾ, ಕ್ಯಾಷ್ ವಿಭಾಗ
ಚಿತ್ರ ಬದಲಿಸುವವರು: ಮಂಜುನಾಥ. ನಾನು ಕೈ ಎತ್ತಿದಾಗ ಮಾತ್ರ ಮುಂದಿನದಕ್ಕೆ ಹೋಗುವುದು. ಜನ ನಗುತ್ತಿದ್ದರೆ ಕಾಯುವುದು.

ಚಿತ್ರ 1. ಕಪ್ಪು ಬಿಳುಪು ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ, 1991
ಪರದೆಯ ಮೇಲೆ: ಬಿ. ಜಯಣ್ಣ, ನಿರ್ವಾಹಕರು. 1991–2025

ಎಲ್ಲರಿಗೂ ನಮಸ್ಕಾರ. ವೇದಿಕೆಯ ಮೇಲಿರುವ ಡಿಪೊ ವ್ಯವಸ್ಥಾಪಕರೇ, ಗಂಗಮ್ಮ ಅತ್ತಿಗೆಯವರೇ, ಗ್ಯಾರೇಜಿನಿಂದ ಕೈ ಒರೆಸಿಕೊಂಡು ಬಂದಿರುವ ಅಣ್ಣಂದಿರೇ,

ಪರದೆಯ ಮೇಲಿರುವ ಈ ಹುಡುಗ ಯಾರೆಂದು ಮಂಜುನಾಥ ನನ್ನನ್ನು ಕೇಳಿದ. ಕೆಳಗೆ ಹೆಸರು ಬರೆದಿದ್ದರೂ ಕೇಳಿದ. ಅವನ ತಪ್ಪಲ್ಲ. ತಲೆಯ ಮೇಲೆ ಇಷ್ಟೊಂದು ಕೂದಲಿರುವ ಜಯಣ್ಣನವರನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ಕೆಲಸಕ್ಕೆ ಸೇರುವಾಗ ಅರ್ಜಿಗೆ ಅಂಟಿಸಿದ ಚಿತ್ರವಿದು. ಅಂಗಿ ಅವರ ಭಾವನದು ಎಂದು ಅತ್ತಿಗೆ ಈಗ ತಾನೇ ಹೇಳಿದರು.

ಚಿತ್ರ 2. ಟಿಕೆಟ್ ಟ್ರೇ, ಚರ್ಮದ ಚೀಲ, ಪಂಚ್. ಜಯಣ್ಣನವರ ಮನೆಯ ಕಪಾಟಿನ ಮೇಲೆ

ಹೊಸದಾಗಿ ಸೇರಿದವರು ಇದನ್ನು ಸರಿಯಾಗಿ ನೋಡಿಕೊಳ್ಳಿ. ಒಂದೊಂದು ದರಕ್ಕೆ ಒಂದೊಂದು ಬಣ್ಣದ ಟಿಕೆಟ್ ಕಟ್ಟು. ಪ್ರತಿ ಸ್ಟೇಜಿನಲ್ಲೂ ಪ್ರತಿ ಕಟ್ಟಿನ ಮುಂದಿನ ಸಂಖ್ಯೆಯನ್ನು ವೇಬಿಲ್‌ನಲ್ಲಿ ಬರೆಯಬೇಕು. ಬಸ್ಸು ಓಲಾಡುತ್ತಿರುತ್ತದೆ, ಹಿಂದಿನ ಬಾಗಿಲಿನಲ್ಲಿ ಜನ ನೇತಾಡುತ್ತಿರುತ್ತಾರೆ, ಸ್ಟೇಜ್ ಮುಗಿಯುವಷ್ಟರಲ್ಲಿ ಟಿಕೆಟ್ ಮುಗಿದಿರಬೇಕು. ಜಯಣ್ಣನವರ ಹಳೆಯ ವೇಬಿಲ್‌ಗಳಲ್ಲಿ ಅಂಕಿಗಳು ಬಾಣಾವರದವರೆಗೆ ದುಂಡಗಿರುತ್ತಿದ್ದವು. ಬಾಣಾವರ ದಾಟಿ ಜಾವಗಲ್ ರಸ್ತೆಗೆ ತಿರುಗಿದ ಮೇಲೆ ಅವು ನಡುಗಲು ಶುರುವಾಗುತ್ತಿದ್ದವು. ರಸ್ತೆ ಹೇಗಿದೆ ಎಂದು ತಿಳಿಯಲು ಬೇರೆ ವರದಿ ಬೇಕಿರಲಿಲ್ಲ.

ಚಿತ್ರ 3. ಹಳ್ಳಿಯ ಶಾಲೆಯ ಜಗುಲಿ, ಹೊದಿಕೆ ಹೊದ್ದು ಕುಳಿತ ಇಬ್ಬರು, ಹಿಂದೆ ಬಸ್ಸು
ಪರದೆಯ ಮೇಲೆ: ವಸತಿ ಬಸ್ಸಿನ ದಿನಗಳು

ಎಡಗಡೆ ಇರುವವರು ಖಾದರ್ ಸಾಹೇಬರು. ಮೊದಲ ಸಾಲಿನಲ್ಲೇ ಕುಳಿತಿದ್ದಾರೆ, ಅವರಿಗೂ ಒಂದು ಚಪ್ಪಾಳೆ ಇರಲಿ. ಇವರು ಸ್ಟಿಯರಿಂಗ್, ಜಯಣ್ಣನವರು ಚೀಲ, ಹೀಗೆ ಇಬ್ಬರೂ ವರ್ಷಗಟ್ಟಲೆ ಒಂದೇ ಷೆಡ್ಯೂಲಿನಲ್ಲಿ ದುಡಿದವರು. ಸಂಜೆಯ ಕೊನೆಯ ಟ್ರಿಪ್ಪಿಗೆ ಊರು ಸೇರಿ, ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಮೊದಲ ಬಸ್ಸು ತರುವುದು. ಈ ಕಥೆಯನ್ನು ಖಾದರ್ ಸಾಹೇಬರೇ ಹೇಳಬೇಕಿತ್ತು. ಹೇಳಲು ಹೊರಟರೆ ನಗು ತಡೆಯಲಾಗುವುದಿಲ್ಲವಂತೆ, ಅದಕ್ಕೇ ನನಗೆ ಬರೆಸಿಕೊಟ್ಟಿದ್ದಾರೆ.

ಒಂದು ರಾತ್ರಿ ಬಸ್ಸು ಗುಡಿಸುವಾಗ ಸೀಟಿನ ಕೆಳಗೆ ಸ್ಟೀಲ್ ಡಬ್ಬಿ ಸಿಕ್ಕಿತು. ತೆರೆದರೆ ಒಬ್ಬಟ್ಟು. ಯಾರೋ ಮದುವೆಯಿಂದ ಬರುತ್ತಾ ಮರೆತು ಇಳಿದಿದ್ದರು. ಬಸ್ಸಿನಲ್ಲಿ ಸಿಕ್ಕ ವಸ್ತುವನ್ನು ಡಿಪೊಗೆ ಒಪ್ಪಿಸಬೇಕೆಂಬುದು ನಿಯಮ. ಡಿಪೊ ಸೇರುವುದು ಮರುದಿನ ಮಧ್ಯಾಹ್ನ, ಕಾಲ ಬೇಸಿಗೆ. ಆ ರಾತ್ರಿ ಊಟ ಕೊಡುತ್ತಿದ್ದ ಮನೆಯವರು ಬೇರೆ ಜಾತ್ರೆಗೆ ಹೋಗಿದ್ದರು. ಇಬ್ಬರೂ ಅರ್ಧ ಗಂಟೆ ಡಬ್ಬಿಯನ್ನು ನಡುವೆ ಇಟ್ಟುಕೊಂಡು ನಿಯಮದ ಬಗ್ಗೆ ಚರ್ಚೆ ಮಾಡಿದರಂತೆ. ಕೊನೆಗೆ ಜಯಣ್ಣನವರು ಜೇಬಿನ ಪುಸ್ತಕ ತೆಗೆದು, "ಒಬ್ಬಟ್ಟು 11, ಡಬ್ಬಿ 1" ಎಂದು ಬರೆದರು. ಬರೆದ ಮೇಲೆ ತಿಂದರು.

ಡಬ್ಬಿಯ ಮುಚ್ಚಳದ ಮೇಲೆ ಹೆಸರು ಕೊರೆಸಿತ್ತು. ವಿಚಾರಿಸಿ ಪತ್ತೆ ಮಾಡಿದರು. ಮುಂದಿನ ವಾರ ಗಂಗಮ್ಮ ಅತ್ತಿಗೆ ಹನ್ನೊಂದು ಒಬ್ಬಟ್ಟು ಮಾಡಿ ಅದೇ ಡಬ್ಬಿಯಲ್ಲಿ ಹಾಕಿಕೊಟ್ಟರು. ಪಡೆದುಕೊಂಡ ಮನೆಯವರು ಹೇಳಿದ್ದು: "ನಮ್ಮದಕ್ಕಿಂತ ಇದೇ ಚೆನ್ನಾಗಿದೆ, ಇನ್ನೊಮ್ಮೆ ಮರೆಯುತ್ತೇವೆ."

ಚಿತ್ರ 4. ಜೇಬಿನ ಪುಸ್ತಕದ ಒಂದು ಪುಟ, ಹತ್ತಿರದಿಂದ
(ಮಂಜುನಾಥ, ಈ ಚಿತ್ರ ಬಹಳ ಹೊತ್ತು ಇರಲಿ. ಹಿಂದಿನ ಸಾಲಿನವರಿಗೂ ಓದಲು ಬರಬೇಕು.)

ಇದೇ ಆ ಪುಸ್ತಕ. ಒಂದಲ್ಲ, ಮನೆಯಲ್ಲಿ ಒಂದು ಟ್ರಂಕಿನ ತುಂಬ ಇವೆ. ಓದುತ್ತೇನೆ:

"ಕೆಂಪು ಟವೆಲ್, ಬಾಣಾವರ – 3."
"ಕೊಬ್ಬರಿ ಚೀಲದ ಅಜ್ಜಿ – 7."
"ಹಳೇಬೀಡು ಮೇಷ್ಟ್ರು – 2. ಹಿಂದಿನ 5 ಕೊಟ್ಟಾಗಿದೆ."
"ಜಗಳ ಮಾಡಿದವರು – 4."

ಚಿಲ್ಲರೆ ಇಲ್ಲದಾಗ ನಿರ್ವಾಹಕರು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವುದು, ಪ್ರಯಾಣಿಕರು ಇಳಿಯುವಾಗ ಮರೆಯುವುದು, ಮನೆಗೆ ಹೋಗಿ ನಿರ್ವಾಹಕರನ್ನು ಬೈಯುವುದು, ಇದು ನಡೆದುಕೊಂಡೇ ಬಂದಿದೆ. ಜಯಣ್ಣನವರು ಟಿಕೆಟ್ಟಿನ ಹಿಂದೆ ಬರೆದದ್ದನ್ನು ತಮ್ಮಲ್ಲೂ ಬರೆದುಕೊಳ್ಳುತ್ತಿದ್ದರು. ಹೆಸರು ಗೊತ್ತಿಲ್ಲದವರಿಗೆ ಗುರುತು. ಮರುದಿನವೋ ಮುಂದಿನ ಸಂತೆಗೋ ಅದೇ ಮನುಷ್ಯ ಬಸ್ಸು ಹತ್ತಿದರೆ, ಟಿಕೆಟ್ ಕೇಳುವ ಮೊದಲೇ ಮೂರು ರೂಪಾಯಿ ಕೈಗೆ ಬರುತ್ತಿತ್ತು. ಹಲವರಿಗೆ ತಮಗೆ ಬರಬೇಕಾದದ್ದೇ ನೆನಪಿರುತ್ತಿರಲಿಲ್ಲ. ಜಗಳ ಮಾಡಿದವರಿಗೆ ಮಾತ್ರ ಚೆನ್ನಾಗಿ ನೆನಪಿರುತ್ತಿತ್ತು.

ಇದನ್ನು ಬರೀ ಒಳ್ಳೆಯತನ ಎನ್ನಲು ಕ್ಯಾಷ್ ವಿಭಾಗದವಳಾದ ನನಗೆ ಮನಸ್ಸು ಬರುವುದಿಲ್ಲ. ಇದು ಲೆಕ್ಕ. ಚೀಲದಲ್ಲಿ ಹಣ ಕಡಿಮೆಯಿದ್ದರೆ ತಪ್ಪು ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಿದ್ದರೂ ತಪ್ಪೇ ಎಂಬುದು ನಮ್ಮವರಿಗಷ್ಟೇ ಗೊತ್ತು. ಒಮ್ಮೆ ತನಿಖಾ ತಂಡ ಬಸ್ಸು ಹತ್ತಿ ಎಣಿಸಿದಾಗ ಚೀಲದಲ್ಲಿ ಮೂವತ್ತೆಂಟು ರೂಪಾಯಿ ಹೆಚ್ಚು ಬಂತು. ಜಯಣ್ಣನವರು ಮಾತಾಡದೆ ಪುಸ್ತಕ ಕೊಟ್ಟರು. ತನಿಖಾಧಿಕಾರಿ ಅಲ್ಲೇ ಸೀಟಿನ ಮೇಲೆ ಕುಳಿತು ಆ ದಿನದ ಬಾಕಿಯನ್ನೆಲ್ಲ ಕೂಡಿದರು. ಮೂವತ್ತೆಂಟು. ಪುಸ್ತಕ ವಾಪಸು ಕೊಡುತ್ತಾ ಅವರು ಕೇಳಿದ್ದು ಒಂದೇ ಪ್ರಶ್ನೆ: "ಈ 'ಗೊಣಗುವ ಮಾವ' ಯಾರು?" ಗೊಣಗುವ ಮಾವ ಹಿಂದಿನ ಸೀಟಿನಲ್ಲೇ ಕುಳಿತಿದ್ದರು.

ಚಿತ್ರ 5. ಕಿಟಕಿ ಪಕ್ಕದ ಸೀಟಿನ ಮೇಲೆ ಒಂದು ಹುಂಜ

ಇದನ್ನು ಯಾರೂ ತಿದ್ದಿಲ್ಲ, ಮೊಬೈಲಿನಲ್ಲಿ ತೆಗೆದ ನಿಜವಾದ ಚಿತ್ರ. ಅಜ್ಜ ಒಬ್ಬರು ಹುಂಜವನ್ನು ಶಾಲಿನೊಳಗೆ ಅವಿತಿಟ್ಟುಕೊಂಡು ಜಾವಗಲ್‌ನಲ್ಲಿ ಹತ್ತಿದರು. ಜಯಣ್ಣನವರು ಎದುರಿಗೆ ಬಂದು ನಿಲ್ಲುವುದಕ್ಕೂ ಹುಂಜ ಕೂಗುವುದಕ್ಕೂ ಸರಿಹೋಯಿತು. ಅರ್ಧ ಟಿಕೆಟ್ ಹರಿದುಕೊಟ್ಟರು. ಅಜ್ಜ ಸುಮ್ಮನಿರಲಿಲ್ಲ. "ದುಡ್ಡು ಕೊಟ್ಟ ಮೇಲೆ ನಿಂತುಕೊಂಡು ಯಾಕೆ ಬರಬೇಕು" ಎಂದು ಪಕ್ಕದ ಸೀಟಿನ ಮೇಲೆ ಹುಂಜವನ್ನು ಕೂರಿಸಿಬಿಟ್ಟರು. ನಿಂತಿದ್ದವರು ಗಲಾಟೆ ಎಬ್ಬಿಸಿದರು. ಜಯಣ್ಣನವರ ತೀರ್ಪು: "ಅರ್ಧ ಟಿಕೆಟ್ಟಿಗೆ ತೊಡೆಯ ಮೇಲೆ ಜಾಗ." ನನಗೆ ಗೊತ್ತಿರುವಂತೆ ಇದರ ವಿರುದ್ಧ ಮೇಲ್ಮನವಿ ಬಂದಿಲ್ಲ.

ಚಿತ್ರ 6. ಟಿಕೆಟ್ ಯಂತ್ರ ಹಿಡಿದ ಜಯಣ್ಣ, ಕನ್ನಡಕ ಹಣೆಯ ಮೇಲೆ

ಯಂತ್ರ ಬಂತು, ವೇಬಿಲ್ ಬರೆಯುವ ಗೋಳು ತಪ್ಪಿತು. ಜಯಣ್ಣನವರಿಗೆ ಇದ್ದ ತಕರಾರು ಒಂದೇ: "ಕಾಗದ ತೆಳು, ಹಿಂದೆ ಚಿಲ್ಲರೆ ಬರೆದರೆ ಮುಂದೆ ಕಾಣುತ್ತದೆ."

ಚಿತ್ರ 7. ನೋಟುಗಳ ಕಂತೆ, ನವೆಂಬರ್ 2016

8ರ ರಾತ್ರಿ ಘೋಷಣೆಯಾಯಿತು. 9ರ ಬೆಳಿಗ್ಗೆ ಹನ್ನೆರಡು ರೂಪಾಯಿಯ ಟಿಕೆಟ್ಟಿಗೂ ಐನೂರರ ನೋಟು ಹೊರಗೆ ಬಂತು. ಆ ವಾರದ ಪುಸ್ತಕದ ಪುಟಗಳನ್ನು ಇಲ್ಲಿ ತೋರಿಸುತ್ತಿಲ್ಲ. ಅದರಲ್ಲಿ ಅಂಕಿಗಳ ಜೊತೆ ಬೇರೆ ಮಾತುಗಳೂ ಇವೆ.

ಚಿತ್ರ 8. ಡಿಪೊದಲ್ಲಿ ಸಾಲಾಗಿ ನಿಂತ ಬಸ್ಸುಗಳು. ಮುಖಗವಸು ತೊಟ್ಟ ಸಿಬ್ಬಂದಿ, 2020

ಮಾರ್ಚ್ ಕೊನೆಯಿಂದ ಬಸ್ಸುಗಳೆಲ್ಲ ಹೀಗೇ ನಿಂತಿದ್ದವು. ಮೇ 19ಕ್ಕೆ ಮತ್ತೆ ಸಂಚಾರ ಶುರುವಾಯಿತು, ಒಂದು ಬಸ್ಸಿಗೆ ಮೂವತ್ತೇ ಜನ ಎಂಬ ಮಿತಿಯೊಂದಿಗೆ. ಜಯಣ್ಣನವರ ಮೊದಲ ಟ್ರಿಪ್ಪಿಗೆ ಮೂವತ್ತೂ ಆಗಲಿಲ್ಲ. ಖಾಲಿ ಸೀಟುಗಳ ನಡುವೆ ಅವರು ಹಳೆಯ ಅಭ್ಯಾಸಕ್ಕೆ "ಒಳಗೆ ಹೋಗಿ, ಒಳಗೆ ಹೋಗಿ" ಎಂದರಂತೆ.

ಆ ಎರಡು ವರ್ಷಗಳಲ್ಲಿ ನಾವು ಕಳೆದುಕೊಂಡ ಸಹೋದ್ಯೋಗಿಗಳನ್ನು ಇಲ್ಲಿ ನೆನೆಯಬೇಕೆಂದು ಜಯಣ್ಣನವರೇ ಹೇಳಿದ್ದಾರೆ. ಎಲ್ಲರೂ ಒಂದು ನಿಮಿಷ ಎದ್ದು ನಿಲ್ಲೋಣ.

(ಒಂದು ನಿಮಿಷ. ಎಲ್ಲರೂ ಕುಳಿತ ಮೇಲೆ ಮುಂದಿನ ಚಿತ್ರ.)

ಚಿತ್ರ 9. ಹೆಂಗಸರಿಂದ ತುಂಬಿದ ಬಸ್ಸು. ಬಾಗಿಲ ಬಳಿ ಜಯಣ್ಣ, ಅರ್ಧ ಮಾತ್ರ ಕಾಣುತ್ತಾರೆ
ಪರದೆಯ ಮೇಲೆ: ಜೂನ್ 2023

ಆ ವರ್ಷದ ಜೂನ್ 11ರಂದು ಶಕ್ತಿ ಯೋಜನೆ ಬಂತು. ಉಚಿತವಾದರೂ ಪ್ರತಿಯೊಬ್ಬರಿಗೂ ಶೂನ್ಯ ಟಿಕೆಟ್ ಕೊಡಲೇಬೇಕು, ಗುರುತಿನ ಚೀಟಿ ನೋಡಲೇಬೇಕು. ಹಣ ಬರದಿದ್ದರೂ ಬೆವರು ಬರುತ್ತಿತ್ತು. ಆ ದಿನಗಳಲ್ಲಿ ನಮ್ಮ ನಿರ್ವಾಹಕರು ಎಷ್ಟು ಮಾತು ಕೇಳಿದರು ಎಂಬುದನ್ನು ಯಾವ ಯಂತ್ರವೂ ದಾಖಲಿಸಿಲ್ಲ.

ಕೊಬ್ಬರಿ ಚೀಲದ ಅಜ್ಜಿ ನೆನಪಿದ್ದಾರಲ್ಲವೇ? ಅವರು ಒಂದು ದಿನ ಚೀಲವಿಲ್ಲದೆ, ಜರಿ ಸೀರೆ ಉಟ್ಟು ಬಂದರು. ಎಲ್ಲಿಗೆ ಎಂದರೆ ಹಳೇಬೀಡಿಗೆ, ದೇವಸ್ಥಾನ ನೋಡಲು. ಇಡೀ ಆಯುಷ್ಯ ಅದೇ ದಾರಿಯಲ್ಲಿ ಸಂತೆಗೆ ಓಡಾಡಿದವರು, ಜಾವಗಲ್‌ನಿಂದ ಆಚೆ ಟಿಕೆಟ್ ತೆಗೆದುಕೊಂಡಿರಲೇ ಇಲ್ಲ. ಅದೇ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಜ್ಜಿ ಅದಕ್ಕಿಂತ ಮೊದಲೇ ನೋಡಿ ಬಂದಿದ್ದರು. ವಾಪಸು ಬರುವಾಗ ಅವರು ಜಯಣ್ಣನವರಿಗೆ ಹೇಳಿದ್ದು: "ಕಲ್ಲಿನಲ್ಲಿ ಅಷ್ಟೊಂದು ಆನೆ ಕೆತ್ತಿದ್ದಾರೆ, ಕೂರಲು ಒಂದು ಜಗುಲಿ ನೆರಳಲ್ಲಿ ಕಟ್ಟಬಾರದಿತ್ತೇ?"

ಅಂದಿನಿಂದ ಪುಸ್ತಕದಲ್ಲಿ ಹೆಂಗಸರ ಬಾಕಿ ಇಲ್ಲ. ಗಂಡಸರದು ಮುಂದುವರಿದಿದೆ.

ಚಿತ್ರ 10. ಮನೆಯ ಅಂಗಳ, ಬೇವು ಬೆಲ್ಲದ ತಟ್ಟೆ, ಗಂಗಮ್ಮ, ಇಬ್ಬರು ಮಕ್ಕಳು. ಜಯಣ್ಣ ಇಲ್ಲ

ಈ ಚಿತ್ರದಲ್ಲಿ ಜಯಣ್ಣನವರು ಯಾಕಿಲ್ಲ ಎಂದು ನಮ್ಮಲ್ಲಿ ಯಾರೂ ಕೇಳಬೇಕಾಗಿಲ್ಲ. ಹಬ್ಬಕ್ಕೆ ಹೆಚ್ಚುವರಿ ಬಸ್ಸು, ಹೆಚ್ಚುವರಿ ಬಸ್ಸಿಗೆ ಜಯಣ್ಣ. ಮಗಳು ಕಾವ್ಯಾ ಬರೆದು ಕಳಿಸಿದ್ದನ್ನು ಹಾಗೆಯೇ ಓದುತ್ತೇನೆ:

"ನಮ್ಮ ಮನೆಯಲ್ಲಿ ಯುಗಾದಿ ಕ್ಯಾಲೆಂಡರಿನ ಮರುದಿನ ಬರುತ್ತಿತ್ತು. ಚಿಕ್ಕವಳಿದ್ದಾಗ ಎಲ್ಲರ ಮನೆಯಲ್ಲೂ ಹಾಗೇ ಎಂದುಕೊಂಡಿದ್ದೆ. ಕೂಡುವ ಲೆಕ್ಕ ಕಲಿತದ್ದು ಅಪ್ಪನ ಪುಸ್ತಕದಿಂದ. ಶಾಲೆಯಲ್ಲಿ ಮೂರಕ್ಕೆ ಏಳು ಕೂಡಿಸು ಎಂದರೆ, ಕೆಂಪು ಟವೆಲ್ಲಿಗೂ ಅಜ್ಜಿಗೂ ಸೇರಿ ಹತ್ತು ಎಂದು ಹೇಳಿದ್ದೆ. ಅಪ್ಪಾ, ಮುಂದಿನ ಯುಗಾದಿಗೆ ನಾನು ಹಾಸನದಿಂದ ಸರಿಯಾದ ದಿನಕ್ಕೇ ಬರುತ್ತೇನೆ. ನೀವೂ ಇರಬೇಕು."

ಚಿತ್ರ 11. ಇಂದು ಬೆಳಿಗ್ಗೆ ಗೇಟಿನ ಬಳಿ ತೆಗೆದ ಗುಂಪು ಚಿತ್ರ
(ಮಾತಿಲ್ಲ. ಚಿತ್ರ ಪರದೆಯ ಮೇಲೇ ಇರಲಿ.)

ಈಗ ಡಿಪೊ ವ್ಯವಸ್ಥಾಪಕರು ಜಯಣ್ಣ ದಂಪತಿಗೆ ಶಾಲು, ಹಾರ, ಹಣ್ಣಿನ ತಟ್ಟೆ ನೀಡಿ ಗೌರವಿಸಬೇಕೆಂದು ಕೋರುತ್ತೇನೆ. ಗ್ಯಾರೇಜಿನವರು ಒಂದು ಕೈಗಡಿಯಾರ ತಂದಿದ್ದಾರೆ. ಸಮಯ ನೋಡುವ ಅಗತ್ಯ ಮುಗಿದ ದಿನ ಗಡಿಯಾರ ಕೊಡುವ ಪದ್ಧತಿ ಯಾರು ಮಾಡಿದರೋ ತಿಳಿಯದು, ಆದರೂ ಕೊಡುತ್ತಿದ್ದಾರೆ.

ಆಮೇಲೆ ಜಯಣ್ಣನವರು ಎರಡು ಮಾತಾಡುತ್ತಾರೆ. ಮೈಕ್ ಬೇಡ ಎಂದಿದ್ದಾರೆ. ಹಿಂದಿನ ಬಾಗಿಲಿಗೆ ಕೇಳಿಸುವಂತೆ ಮಾತಾಡಿ ಅವರಿಗೆ ರೂಢಿಯಿದೆ.

ಊಟಕ್ಕೆ ಟೈರ್ ವಿಭಾಗದ ಪಕ್ಕದ ಶೆಡ್ಡಿನಲ್ಲಿ ಎಲೆ ಹಾಕಿದೆ. ಎರಡು ಗಂಟೆಯ ಡ್ಯೂಟಿಯವರು ದಯವಿಟ್ಟು ಮೊದಲ ಪಂಕ್ತಿಗೆ ಕೂರಿ, ಉಳಿದವರು ಅವರಿಗೆ ಜಾಗ ಬಿಡಿ. ಒಬ್ಬಟ್ಟು ಅತ್ತಿಗೆಯವರ ಮನೆಯಿಂದ ಬಂದಿದೆ, ತಲೆಗೆ ಎರಡು.