ಶೈಲಜಾ–ವೀರೇಶರ ಆರತಕ್ಷತೆಯಲ್ಲಿ ಸೋದರಮಾವನ ಮಾತು

ಬೀಗರೇ, ಬೀಗಿತ್ತಿಯವರೇ, ಅಕ್ಕ, ಭಾವ, ಹೊಸಪೇಟೆಯ ಈ ವೈಶಾಖದ ಬಿಸಿಲನ್ನು ಲೆಕ್ಕಿಸದೆ ಬಂದು ಕುಳಿತಿರುವ ಬಂಧುಗಳೇ, ಎಲ್ಲರಿಗೂ ನಮಸ್ಕಾರ.

27 ವರ್ಷಗಳ ಹಿಂದೆ ಈ ಹುಡುಗಿಯನ್ನು ತೊಟ್ಟಿಲಿಗೆ ಹಾಕಿದ ದಿನ ಅವಳ ಕಿವಿಯಲ್ಲಿ ಹೆಸರು ಹೇಳಿದವರು ಅವಳ ಸೋದರತ್ತೆ. ಆ ಹೆಸರನ್ನು ಆರಿಸಿ ಕೊಟ್ಟವನು ನಾನು. ಕಮಲಾಪುರದಲ್ಲಿ ಮೇಷ್ಟ್ರಾಗಿದ್ದ ನನಗೆ ದಿನ ಬೆಳಗಾದರೆ ಕಾಣುತ್ತಿದ್ದದ್ದು ಬಂಡೆ, ಬೆಟ್ಟ, ಗುಡಿ. ಶೈಲಜಾ ಎಂದರೆ ಬೆಟ್ಟದ ಮಗಳು, ಪಾರ್ವತಿ. ನಮ್ಮ ಕಡೆ ಅವಳೇ ಪಂಪೆ. ಅವಳ ಕೈಹಿಡಿದದ್ದರಿಂದಲೇ ವಿರೂಪಾಕ್ಷ ಪಂಪಾಪತಿಯಾದ. ಹೆಂಡತಿಯ ಹೆಸರಿನಿಂದ ಗಂಡನನ್ನು ಗುರುತಿಸುವ ಊರು ನಮ್ಮದು ಎಂದು ನಾನು ಪಾಠ ಹೇಳುವಾಗ ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ. ಇಂದು ಅದೇ ಹೆಮ್ಮೆಯಿಂದ ಇಲ್ಲಿ ನಿಂತಿದ್ದೇನೆ.

ಮದುವೆಯ ಮನೆಗಳಲ್ಲಿ ಹಿರಿಯರು ಸಾಮಾನ್ಯವಾಗಿ ಸೀತಾರಾಮರಂತೆ ಬಾಳಿ ಎಂದು ಹರಸುತ್ತಾರೆ. ಸೀತಾರಾಮರೂ ನಮಗೆ ಹೊರಗಿನವರಲ್ಲ. ಹೊಳೆಯ ಆಚೆ ಆನೆಗೊಂದಿಯ ಕಡೆ ಕಿಷ್ಕಿಂಧೆ, ಈಚೆ ರಾಮನು ಮಳೆಗಾಲ ಕಳೆದನೆನ್ನುವ ಮಾಲ್ಯವಂತ ಬೆಟ್ಟ. ಆದರೆ ಆ ಬೆಟ್ಟದ ಮೇಲೆ ಸೀತೆ ಇಲ್ಲ. ಅವರ ಕಷ್ಟ ಅವರನ್ನು ಅಗಲಿಸಿತು. ಈ ಇಬ್ಬರ ಕಷ್ಟ ಇವರನ್ನು ಹತ್ತಿರ ತಂದಿತು. ಅದಕ್ಕೇ ನಾನು ಇಂದು ಪಂಪೆ–ವಿರೂಪಾಕ್ಷರ ಮಾತು ಆಡುತ್ತೇನೆ.

ಹಂಪಿಯ ಗುಡಿಯಲ್ಲಿ ಕೃಷ್ಣದೇವರಾಯ 1510ರಲ್ಲಿ ಕಟ್ಟಿಸಿದ ರಂಗಮಂಟಪ ಇದೆಯಲ್ಲ, ನಿಮ್ಮಲ್ಲಿ ಬಹಳ ಜನ ಅದರ ಕೆಳಗೆ ಹಾದು ಹೋಗಿದ್ದೀರಿ. ಇನ್ನೊಮ್ಮೆ ಹೋದಾಗ ಕತ್ತೆತ್ತಿ ನೋಡಿ. ಛಾವಣಿಯಲ್ಲಿ ಗಿರಿಜಾ ಕಲ್ಯಾಣದ ಚಿತ್ರವಿದೆ. ಅದೇ ಛಾವಣಿಯಲ್ಲಿ ಮನ್ಮಥ ಶಿವನಿಗೆ ಗುರಿಯಿಟ್ಟು ಬಾಣ ಹೂಡಿರುವ ಚಿತ್ರವೂ ಇದೆ. ಆ ಬಾಣದಿಂದ ಮದುವೆಯಾಗಲಿಲ್ಲ. ಬಾಣ ಬಿಟ್ಟವನೇ ಹೇಮಕೂಟದ ಮೇಲೆ ಮೂರನೆಯ ಕಣ್ಣಿನ ಬೆಂಕಿಯಲ್ಲಿ ಬೂದಿಯಾದ ಎನ್ನುತ್ತಾರೆ ನಮ್ಮ ಹಿರಿಯರು. ಬಾಣದ ಚಿತ್ರಕ್ಕೂ ಕಲ್ಯಾಣದ ಚಿತ್ರಕ್ಕೂ ನಡುವೆ ಪಂಪೆಯ ತಪಸ್ಸು ನಡೆದಿದೆ. ಅದನ್ನು ಬಣ್ಣದಲ್ಲಿ ಬರೆಯುವುದು ಕಷ್ಟವಿರಬೇಕು. ಬಿದ್ದ ಎಲೆಯನ್ನೂ ತಿನ್ನದೆ ಅಪರ್ಣೆ ಎನಿಸಿಕೊಂಡವಳ ದಿನಗಳಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ. ಒಂದು ದಿನ ಇನ್ನೊಂದರಂತೆಯೇ ಇರುತ್ತದೆ.

ಇವರಿಬ್ಬರ ನಿಶ್ಚಿತಾರ್ಥ ನಡೆದದ್ದು ಮಾರ್ಗಶಿರದಲ್ಲಿ, ಹಂಪಿಯಲ್ಲಿ ಫಲಪೂಜೆ ನಡೆಯುವ ಕಾಲದಲ್ಲಿ. ಫಲಪೂಜೆ ಎಂದರೆ ಪಂಪೆ–ವಿರೂಪಾಕ್ಷರ ನಿಶ್ಚಿತಾರ್ಥ ಎಂಬುದು ಇಲ್ಲಿಯವರಿಗೆ ಗೊತ್ತು. ಬೇರೆ ಊರಿನಿಂದ ಬಂದವರಿಗಾಗಿ ಹೇಳುತ್ತಿದ್ದೇನೆ. ದೇವರ ಮದುವೆ ಚೈತ್ರದಲ್ಲಿ, ತೇರಿನ ಹೊತ್ತಿಗೆ. ದೇವರಿಗೆ ನಾಲ್ಕು ತಿಂಗಳ ಅಂತರ. ನಮ್ಮ ಮಕ್ಕಳಿಗೆ ಎರಡು ವರ್ಷ ಐದು ತಿಂಗಳು ಹಿಡಿಯಿತು.

ನಿಶ್ಚಿತಾರ್ಥವಾಗಿ ಆರು ವಾರ ಕಳೆದಿರಲಿಲ್ಲ, ಬೀಗರ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ ಎಂಬ ಸುದ್ದಿ ಬಂತು. ವೀರೇಶ ಅವರು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದರು. ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್. ಬೆಳಗಿನ ಜಾವ ಹೊರಟು, ಯಂತ್ರದ ಪಕ್ಕ ನಾಲ್ಕು ಗಂಟೆ ಕುಳಿತು, ತಂದೆಯನ್ನು ಮನೆಗೆ ಕರೆತಂದು ಮಲಗಿಸಿ, ಆಮೇಲೆ ಅಂಗಡಿಯೊಂದರ ಲೆಕ್ಕ ಬರೆಯಲು ಹೋಗುವುದು. ಜಾಗದ ಪತ್ರ ಬ್ಯಾಂಕಿಗೆ ಹೋಯಿತು. ಮದುವೆಗೆಂದು ಗೊತ್ತು ಮಾಡಿದ್ದ ಮಂಟಪವನ್ನು ಬಿಟ್ಟುಕೊಟ್ಟೆವು.

ಆಗ ನಮ್ಮ ಮನೆಯಲ್ಲಿ ಹಿರಿಯರೆಲ್ಲ ಕುಳಿತು ಮಾತಾಡಿದೆವು. ಹುಡುಗಿಗೆ ಬುದ್ಧಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಭಾನುವಾರ ಸಂಜೆ ಶೈಲಾಳನ್ನು ಹೇಮಕೂಟಕ್ಕೆ ಕರೆದುಕೊಂಡು ಹೋದೆ. ಚಿಕ್ಕವಳಿದ್ದಾಗ ಅವಳು ನನ್ನ ಬೆರಳು ಹಿಡಿದು ಹತ್ತುತ್ತಿದ್ದ ಬಂಡೆ. ಅಲ್ಲಿ ಕೂರಿಸಿಕೊಂಡು ಒಂದೊಂದಾಗಿ ಹೇಳಿದೆ: ಹುಡುಗನಿಗೆ ಸರಿಯಾದ ಕೆಲಸ ಇಲ್ಲ, ಮೈತುಂಬ ಸಾಲ, ಮನೆಯಲ್ಲಿ ಕಾಯಿಲೆ, ಇದು ಎಂದು ಮುಗಿಯುತ್ತದೆಂದು ಯಾರಿಗೂ ಗೊತ್ತಿಲ್ಲ.

ತಪಸ್ಸು ಮಾಡುತ್ತಿದ್ದ ಪಾರ್ವತಿಯ ಬಳಿಗೆ ಒಬ್ಬ ವಟು ಬರುತ್ತಾನೆ. ಆ ಶಿವನನ್ನೇ ವರಿಸುತ್ತೀಯಾ, ಅವನಿಗೆ ಮನೆಯೆಂದರೆ ಮಸಣ, ಮೈಗೆ ಬೂದಿ, ಕೊರಳಿಗೆ ಹಾವು, ಹುಟ್ಟಿದ ಕುಲ ಯಾವುದೋ ತಿಳಿಯದು, ಏರುವುದಕ್ಕೆ ಒಂದು ಮುದಿ ಎತ್ತು ಎನ್ನುತ್ತಾನೆ. ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಒಂದು ಸಂಗತಿ ಮಾತ್ರ ಆ ಸಂಜೆಯವರೆಗೆ ನನಗೆ ಹೊಳೆದಿರಲಿಲ್ಲ. ಆ ವಟು ಒಂದು ಸುಳ್ಳನ್ನೂ ಹೇಳಿಲ್ಲ. ಮಸಣ, ಬೂದಿ, ಹಾವು, ಎಲ್ಲವೂ ನಿಜ. ಪಾರ್ವತಿಯೂ ಅವು ಇಲ್ಲವೆನ್ನಲಿಲ್ಲ. ಎಲ್ಲವನ್ನೂ ತಿಳಿದೇ ಬಂದವಳು ಅವಳು.

ಶೈಲಾ ನನ್ನ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡಳು. ಆಮೇಲೆ, "ಮಾಮ, ನೀವು ಹೇಳಿದ್ದೆಲ್ಲ ನನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಒಂದಾದರೂ ಇದ್ದರೆ ಹೇಳಿ, ಕೇಳುತ್ತೇನೆ" ಎಂದಳು. ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ನನ್ನ ಬಳಿ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಇಬ್ಬರೂ ಸುಮ್ಮನೆ ಬೆಟ್ಟ ಇಳಿದೆವು.

ಇಲ್ಲಿಗೇ ನಿಲ್ಲಿಸಿದರೆ ನಾನು ಅರ್ಧ ಕಥೆ ಹೇಳಿದಂತೆ. ತಪಸ್ಸು ಹೆಣ್ಣಿನ ಪಾಲಿಗೆ, ವರ ಗಂಡಿನ ಪಾಲಿಗೆ ಎಂದು ಈ ಕಥೆಯನ್ನು ಓದುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಸತಿಯನ್ನು ಕಳೆದುಕೊಂಡು ಕಣ್ಣು ಮುಚ್ಚಿ ಕುಳಿತ ಶಿವನೂ ತಪಸ್ಸಿನಲ್ಲೇ ಇದ್ದ. ಮತ್ತು ಇವತ್ತಿನವರೆಗೆ ಶೈಲಾಳಿಗೆ ನಾನು ಹೇಳದ ಒಂದು ಮಾತು ಇದೆ. ವೀರೇಶ ಅವರೇ, ನೀವು ಕ್ಷಮಿಸಬೇಕು, ಹೇಳಬಾರದೆಂದು ನೀವು ಕೇಳಿಕೊಂಡಿದ್ದಿರಿ.

ನಾವು ಹೇಮಕೂಟ ಹತ್ತುವುದಕ್ಕೆ ಎಂಟು ದಿನ ಮೊದಲೇ ಇವರು ನನ್ನ ಮನೆಗೆ ಬಂದಿದ್ದರು. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದರು, ಊಟವಾಗಿರಲಿಲ್ಲ. ನಿಶ್ಚಿತಾರ್ಥದ ಉಂಗುರವನ್ನು ಒಂದು ಕಾಗದದ ಪೊಟ್ಟಣದಲ್ಲಿ ತಂದಿದ್ದರು. "ನಮ್ಮ ಮನೆಯ ಕಷ್ಟಕ್ಕೆ ಅವಳನ್ನು ಕಟ್ಟಿಹಾಕಲು ನನಗೆ ಮನಸ್ಸಿಲ್ಲ. ನಾನು ಹೇಳಿದರೆ ಕೇಳುವುದಿಲ್ಲ, ನೀವು ಹೇಳಿದರೆ ಕೇಳುತ್ತಾಳೆ" ಎಂದರು. ನನ್ನ ಹೆಂಡತಿ ಒಗ್ಗರಣೆ ಮಂಡಾಳು ಕಲಸಿ ಮುಂದಿಟ್ಟರೆ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಕೆಳಗಿಟ್ಟರು. ಆ ಪೊಟ್ಟಣ ನನ್ನ ಬೀರುವಿನಲ್ಲಿ ತಿಂಗಳುಗಟ್ಟಲೆ ಇತ್ತು. ಅವರು ಉಂಗುರ ಕೊಟ್ಟದ್ದು ಅವಳಿಗೆ ತಿಳಿಯಲಿಲ್ಲ, ಅವಳು ಬೆಟ್ಟದ ಮೇಲೆ ಹೇಳಿದ್ದು ಅವರಿಗೆ ತಿಳಿಯಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಒಬ್ಬರಿನ್ನೊಬ್ಬರಿಗಾಗಿ ಸೋಲಲು ಸಿದ್ಧರಾಗಿದ್ದರು. ಇದನ್ನು ಭಕ್ತಿ ಎನ್ನದೆ ಬೇರೆ ಏನೆನ್ನಲಿ?

ಹಾಲಾಹಲದ ಕಥೆ ನಿಮಗೆಲ್ಲ ಗೊತ್ತು. ಕಡಲಿನಿಂದ ಎದ್ದ ವಿಷವನ್ನು ಶಿವ ಕುಡಿದ. ಅದು ಕೆಳಗಿಳಿಯದಂತೆ ಪಾರ್ವತಿ ಅವನ ಕೊರಳನ್ನು ಹಿಡಿದಳು. ನಾವು ನೀಲಕಂಠ ಎಂದು ಹೊಗಳುತ್ತೇವೆ, ಕೊರಳು ಹಿಡಿದ ಕೈಯನ್ನು ಮರೆಯುತ್ತೇವೆ. ವೀರೇಶ ಅವರು ಎಲ್ಲವನ್ನೂ ನುಂಗುವ ಸ್ವಭಾವದವರು. ಸಾಲ ಎಷ್ಟು, ವೈದ್ಯರು ಏನೆಂದರು, ರಾತ್ರಿ ನಿದ್ದೆ ಬಂತೇ, ಯಾವುದನ್ನೂ ಬಾಯಿಬಿಟ್ಟು ಹೇಳುವವರಲ್ಲ. ಶೈಲಾ ಬ್ಯಾಂಕಿನಲ್ಲಿ ಲೆಕ್ಕ ನೋಡುವವಳು. ಹೇಮಕೂಟದ ಸಂಜೆಯ ನಂತರ ಅವಳು ಪ್ರತಿ ಭಾನುವಾರ ಬೀಗರ ಮನೆಗೆ ಹೋಗಿ, ಎಲ್ಲರ ಎದುರಿಗೆ, ಆಸ್ಪತ್ರೆಯ ರಸೀದಿಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕುಳಿತುಕೊಳ್ಳುತ್ತಿದ್ದಳು. ಒಂದು ನೋಟ್ ಪುಸ್ತಕ. ಎಡಗಡೆ ಕೊಡಬೇಕಾದದ್ದು, ಬಲಗಡೆ ಬರಬೇಕಾದದ್ದು. ಮೊದಲ ಭಾನುವಾರ ಇವರು ಮೂರು ರಸೀದಿಗಳನ್ನು ಬಚ್ಚಿಟ್ಟಿದ್ದರಂತೆ. ನಾಲ್ಕನೆಯ ಭಾನುವಾರ ತಾವೇ ತಂದು ಕೊಟ್ಟರಂತೆ. ಆ ಪುಸ್ತಕವನ್ನು ನಾನು ನೋಡಿದ್ದೇನೆ. ಅದರಲ್ಲಿ ಇಬ್ಬರ ಅಕ್ಷರವೂ ಇದೆ.

ಅರ್ಧನಾರೀಶ್ವರನ ಬಗ್ಗೆ ನಾನು ಹೆಚ್ಚು ಮಾತಾಡುವುದಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿರುವ ಬೀಗಿತ್ತಿಯವರನ್ನು ಒಮ್ಮೆ ನೋಡಿ. ಕಳೆದ ವರ್ಷ ತಮ್ಮ ಒಂದು ಮೂತ್ರಪಿಂಡವನ್ನು ಗಂಡನಿಗೆ ಕೊಟ್ಟವರು ಅವರು. ಶಸ್ತ್ರಚಿಕಿತ್ಸೆಗೆ ಹೋಗುವ ಮೊದಲು ವೈದ್ಯರು ಭಯವಿದೆಯೇ ಎಂದು ಕೇಳಿದಾಗ, "ಅವರೊಳಗೆ ಇದ್ದರೂ ಅದು ನನ್ನದೇ ಅಲ್ಲವೇ" ಎಂದರಂತೆ. ಬೀಗರು ಇಂದು ತಾವೇ ಮೆಟ್ಟಿಲು ಹತ್ತಿ ಬಂದು ಧಾರೆಗೆ ನಿಂತರು. ಇಂಥ ತಂದೆತಾಯಿಯ ಮಗನ ಮನೆಗೆ ನಮ್ಮ ಹುಡುಗಿ ಹೋಗುತ್ತಿದ್ದಾಳೆ. ಬೀಗಿತ್ತಿಯವರೇ, ಅಂದು ನಮ್ಮ ಮನೆಯಲ್ಲಿ ಆಡಿದ ಮಾತುಗಳಿಗಾಗಿ ನಾನು ಎಲ್ಲರ ಎದುರು ನಿಮಗೆ ಕೈಮುಗಿಯುತ್ತೇನೆ.

ಶೈಲಾ, ಈ ಪೊಟ್ಟಣದಲ್ಲಿ ಇರುವುದು ಈ ಚೈತ್ರದ ಕಲ್ಯಾಣೋತ್ಸವದ ಅಕ್ಷತೆ. ಬೇರೆ ಯಾರಿಗೂ ಕೊಡದೆ ತೆಗೆದಿಟ್ಟಿದ್ದೆ. ಕಾಗದ ಹಳೆಯದು. ಎರಡು ವರ್ಷದ ಹಿಂದೆ ಇವರು ಉಂಗುರ ಕಟ್ಟಿ ತಂದಿದ್ದ ಕಾಗದ ಅದು. ಉಂಗುರ ಬೆಳಿಗ್ಗೆ ಇವರ ಬೆರಳಿಗೆ ಹೋಯಿತು. ಮುಂದೆಯೂ ಕಷ್ಟ ಬರುತ್ತದೆ, ಮಗಳೇ. ಬಂದಾಗ ಆ ನೋಟ್ ಪುಸ್ತಕವನ್ನು ನೆಲದ ಮೇಲೆ ಹರಡಿಕೊಂಡು ಇಬ್ಬರೂ ಎದುರುಬದುರು ಕುಳಿತುಕೊಳ್ಳಿ. ವೀರೇಶ ಅವರೇ, ರಸೀದಿ ಬಚ್ಚಿಡಬೇಡಿ.

ಅಕ್ಕ, ಭಾವ, ಬೀಗರೇ, ಬೀಗಿತ್ತಿಯವರೇ, ನೀವು ನಾಲ್ವರೂ ಮೇಲೆ ಬನ್ನಿ. ಈ ಅಕ್ಷತೆಯನ್ನು ಮೊದಲು ನೀವು ಹಾಕಬೇಕು. ಎಂಟು ಗಂಟೆಗೆ ಬೀಗರ ಮಾತ್ರೆಯ ಹೊತ್ತು. ಆಗಿನಿಂದ ಗಡಿಯಾರ ನೋಡುತ್ತಿದ್ದಾಳೆ ನಮ್ಮ ಹುಡುಗಿ, ನೀರಿನ ಲೋಟವೂ ಅವಳ ಪಕ್ಕದಲ್ಲೇ ಇದೆ. ಇನ್ನೂ ಐದು ನಿಮಿಷ ಇದೆ, ಬನ್ನಿ.