ಹತ್ತನೇ ತರಗತಿ 'ವಿದ್ಯುಚ್ಛಕ್ತಿ' ಘಟಕ ಪರೀಕ್ಷೆ: ಪ್ರಶ್ನೆವಾರು ವಿಶ್ಲೇಷಣೆ

ವಿಜ್ಞಾನ ಶಿಕ್ಷಕರ ಸಭೆಗಾಗಿ, ಮಂಡ್ಯ

ಪರೀಕ್ಷೆ ಬರೆದವರು 55 ಮಕ್ಕಳು. ಬಹು ಆಯ್ಕೆ ಪ್ರಶ್ನೆ 12, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ಒಂದೊಂದು ಅಂಕ. ಸರಾಸರಿ 7.24. ಪ್ರಶ್ನೆಪತ್ರಿಕೆ, ಕೀ ಉತ್ತರ ಎರಡೂ ನನ್ನವೇ.

ಒಟ್ಟು ಅಂಕದ ಪ್ರಕಾರ ಉತ್ತರ ಪತ್ರಿಕೆಗಳನ್ನು ಜೋಡಿಸಿ, ಮೇಲಿನ 15 ಮತ್ತು ಕೆಳಗಿನ 15 ತೆಗೆದುಕೊಂಡೆ. ಇದು ಸುಮಾರು 27%. ಟ್ರೂಮನ್ ಕೆಲ್ಲಿ 1939ರಲ್ಲಿ ಸೂಚಿಸಿದ ಪ್ರಮಾಣ ಇದು.

```
p = ಸರಿ ಉತ್ತರ / 55
D = (ಮೇಲಿನ ಗುಂಪು − ಕೆಳಗಿನ ಗುಂಪು) / 15
```

p ಅಂದರೆ ಕಠಿಣತೆ ಸೂಚ್ಯಂಕ. ಹೆಸರು ಕಠಿಣತೆ ಅಂತಿದ್ದರೂ ಸಂಖ್ಯೆ ಜಾಸ್ತಿ ಆದಷ್ಟೂ ಪ್ರಶ್ನೆ ಸುಲಭ. D ತಾರತಮ್ಯ ಸೂಚ್ಯಂಕ. 0.40 ದಾಟಿದರೆ ಬಹಳ ಒಳ್ಳೆಯದು, 0.20ಕ್ಕಿಂತ ಕೆಳಗಿದ್ದರೆ ಪ್ರಶ್ನೆಯನ್ನು ಮತ್ತೆ ನೋಡಬೇಕು.

| ಪ್ರ. | ವಿಷಯ | ಸರಿ | p | ಮೇಲಿನ | ಕೆಳಗಿನ | D |
|---|---|---|---|---|---|---|
| 1 | ಪ್ರವಾಹದ ಏಕಮಾನ | 51 | 0.93 | 15 | 13 | 0.13 |
| 2 | ಅಮ್ಮೀಟರ್ ಜೋಡಣೆ | 41 | 0.75 | 14 | 8 | 0.40 |
| 3 | ಓಮ್ ನಿಯಮದ ಲೆಕ್ಕ | 37 | 0.67 | 14 | 6 | 0.53 |
| 4 | V–I ನಕ್ಷೆ | 22 | 0.40 | 10 | 3 | 0.47 |
| 5 | ಎರಡು ಪಟ್ಟು ಉದ್ದದ ತಂತಿ | 33 | 0.60 | 13 | 5 | 0.53 |
| 6 | ಎಳೆದು ಉದ್ದ ಮಾಡಿದ ತಂತಿ | 13 | 0.24 | 4 | 4 | 0.00 |
| 7 | ಸಮಾಂತರ ಜೋಡಣೆ | 30 | 0.55 | 13 | 4 | 0.60 |
| 8 | ಸರಣಿಯಲ್ಲಿ 60 W, 100 W ಬಲ್ಬ್ | 27 | 0.49 | 4 | 10 | −0.40 |
| 9 | ಯೂನಿಟ್ ಲೆಕ್ಕ | 44 | 0.80 | 15 | 9 | 0.40 |
| 10 | ಫ್ಯೂಸ್ | 46 | 0.84 | 15 | 10 | 0.33 |
| 11 | ಜೌಲ್ ನಿಯಮ | 26 | 0.47 | 11 | 3 | 0.53 |
| 12 | ಕಡಿಮೆ ವೋಲ್ಟೇಜ್, ಪಂಪ್‌ಸೆಟ್ | 28 | 0.51 | 6 | 8 | −0.13 |

ಪ್ರಶ್ನೆ 2, 3, 4, 5, 7, 9, 10, 11 ಹಾಗೇ ಇರಲಿ. ಮೊದಲನೆಯದರ D ಕಡಿಮೆ, ಆದರೆ ಮಕ್ಕಳಿಗೆ ಧೈರ್ಯ ಬರಲಿ ಅಂತ ಇಟ್ಟ ಪ್ರಶ್ನೆ ಅದು. ತೆಗೆಯುವುದು ಬೇಡ.

ಎಂಟನೆಯದು ನನ್ನ ತಪ್ಪು. ಎರಡೂ 220 V ಬಲ್ಬ್, ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ ಅಂತ ಕೇಳಿದ್ದೆ. 60 W ಬಲ್ಬಿನ ರೋಧ ಜಾಸ್ತಿ, ಪ್ರವಾಹ ಎರಡರಲ್ಲೂ ಒಂದೇ, ಹಾಗಾಗಿ ಬೆಳಗುವುದು ಅದೇ. ಕೀ ಉತ್ತರದಲ್ಲಿ ನಾನು 100 W ಎಂದು ಗುರುತು ಮಾಡಿಬಿಟ್ಟಿದ್ದೆ. ಮೇಲಿನ ಗುಂಪಿನ 10 ಮಕ್ಕಳು ಸರಿಯಾಗಿ ಬರೆದು ಅಂಕ ಕಳೆದುಕೊಂಡಿದ್ದಾರೆ. ಈ ಋಣ ಚಿಹ್ನೆ ಕಾಣದೇ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೀ ತಿದ್ದಿದರೆ ಸರಿ ಉತ್ತರ 24, p 0.44. ಗುಂಪು ಬದಲಿಸದೆ ಎಣಿಸಿದರೆ ಮೇಲೆ 10, ಕೆಳಗೆ 3, D 0.47. ಪ್ರಶ್ನೆ ಚೆನ್ನಾಗಿಯೇ ಇದೆ.

ಆರನೆಯದರಲ್ಲಿ ಕೀ ಸರಿಯಿದೆ. ತಂತಿಯನ್ನು ಎಳೆದು ಎರಡು ಪಟ್ಟು ಉದ್ದ ಮಾಡಿದರೆ ಅಡ್ಡಕೊಯ್ತ ಅರ್ಧವಾಗುತ್ತದೆ, ರೋಧ ನಾಲ್ಕು ಪಟ್ಟಾಗುತ್ತದೆ. 36 ಮಕ್ಕಳು 'ಎರಡು ಪಟ್ಟು' ಎಂದಿದ್ದಾರೆ. ಐದನೇ ಪ್ರಶ್ನೆಯ ಉತ್ತರ ಅದೇ ತಾನೇ? ಅದರ ಬೆನ್ನಿಗೇ ಇದನ್ನು ಇಟ್ಟಿದ್ದು ದಾರಿ ತಪ್ಪಿಸಿದೆ. ಆದರೂ ಸುಮ್ನೆ ಗುರುತು ಹಾಕಿದರೂ 0.25 ಬರುತ್ತದೆ, ನಮಗೆ ಬಂದಿರುವುದು 0.24. ಈ ಭಾಗ ತರಗತಿಯಲ್ಲಿ ಯಾರಿಗೂ ತಲುಪಿಲ್ಲ ಅಂತಲೇ ಅರ್ಥ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಹನ್ನೆರಡನೆಯದು. ವೋಲ್ಟೇಜ್ ಇಳಿದಾಗ ಓಡುತ್ತಿರುವ ಪಂಪ್‌ಸೆಟ್ ಮೋಟರ್ ಸುಡುವುದು ಯಾಕೆ? ಅದೇ ಹೊರೆ ಎಳೆಯಲು ಮೋಟರ್ ಹೆಚ್ಚು ಪ್ರವಾಹ ಎಳೆದುಕೊಳ್ಳುತ್ತದೆ, ಸುರುಳಿ ಬಿಸಿಯಾಗುತ್ತದೆ. ಚೆನ್ನಾಗಿ ಓದುವ ಮಕ್ಕಳು ಓಮ್ ನಿಯಮ ಹಿಡಿದು 'ವೋಲ್ಟೇಜ್ ಇಳಿದರೆ ಪ್ರವಾಹವೂ ಇಳಿಯುತ್ತದೆ' ಎಂದು ಬರೆದರು. ಪಾಠ ಅಷ್ಟನ್ನೇ ಹೇಳಿದೆ, ಅವರ ತಪ್ಪಿಲ್ಲ. ಕೆಳಗಿನ ಗುಂಪಿನಲ್ಲಿ ಸರಿ ಬರೆದ 8 ಮಕ್ಕಳನ್ನು ಕರೆದು ಕೇಳಿದೆ. 6 ಜನರ ಮನೆಯಲ್ಲಿ ಬೋರ್‌ವೆಲ್ ಇದೆ. ನಾಲೆ ನೀರು ಸರಿಯಾಗಿ ಸಿಗದ ಊರಿನವರು. ಒಬ್ಬ ಹೇಳಿದ: 'ಕರೆಂಟು ಡಲ್ ಇದ್ರೆ ನಮ್ಮಪ್ಪ ಸ್ಟಾರ್ಟರ್ ಮುಟ್ಟೋಕೂ ಬಿಡಲ್ಲ ಸಾರ್.' ಸೂತ್ರದ ಪ್ರಕಾರ ಈ ಪ್ರಶ್ನೆ ತೆಗೆಯಬೇಕು. ಅಂಕದ ಪ್ರಶ್ನೆಯಾಗಿ ತೆಗೆಯೋಣ, ಒಪ್ಪುತ್ತೇನೆ. ಆದರೆ ತರಗತಿಯಲ್ಲಿ ಇದನ್ನು ಚರ್ಚೆಗೆ ಇಟ್ಟು, ಆ ಮಕ್ಕಳ ಬಾಯಿಂದಲೇ ವಿವರಣೆ ಹೇಳಿಸಬೇಕು ಅನ್ನೋದು ನನ್ನ ಆಸೆ.

55 ಮಕ್ಕಳ ಒಂದೇ ಪರೀಕ್ಷೆ ಇದು. ಒಂದಿಬ್ಬರು ಆಚೀಚೆ ಆದರೂ D ಬದಲಾಗುತ್ತದೆ. 0.33, 0.40 ಅಂತ ಅಂತರ ಹಿಡಿದು ವಾದ ಮಾಡುವುದು ಬೇಡ.

ಎಂಟನೇ ಪ್ರಶ್ನೆಗೆ 60 W ಬರೆದ 24 ಮಕ್ಕಳಿಗೆ ಒಂದು ಅಂಕ ಸೇರಿಸುತ್ತೇನೆ. 100 W ಬರೆದವರ ಅಂಕ ಕಡಿತ ಮಾಡುವುದಿಲ್ಲ, ತಪ್ಪು ನನ್ನದು. ತಿದ್ದಿದ ಅಂಕಪಟ್ಟಿ ಸೋಮವಾರ ನೋಟಿಸ್ ಬೋರ್ಡಿಗೆ ಹಾಕಿ, ತರಗತಿಯಲ್ಲೂ ಕಾರಣ ಹೇಳುತ್ತೇನೆ. ಎಳೆದ ತಂತಿಯ ಪಾಠವನ್ನು ಶನಿವಾರ ಬೆಳಗ್ಗೆ ಚಪಾತಿ ಹಿಟ್ಟಿನ ಉಂಡೆ ಲಟ್ಟಿಸಿ ಉದ್ದ ಮಾಡಿ ತೋರಿಸುತ್ತಾ ಮತ್ತೆ ಮಾಡುತ್ತೇನೆ. ಬಿಸಿಯೂಟದ ಅಡುಗೆಯವರ ಹತ್ತಿರ ಹಿಟ್ಟಿಗೆ ಹೇಳಿದ್ದಾಗಿದೆ.